ಹಾತೋಡಿ ಸಿಗೋತನಕ ಒಂದು ಭಾಷಣ

ನಮ್ಮ ಮನ್ಯಾಗ ಯಾರರೆ ತೆಂಗಿನಕಾಯಿ ಕೈಯಾಗ ಹಿಡದ್ರ ಸಾಕು, ನಾ ಎಲ್ಲಿದ್ರೂ ಎದ್ದ ಹೋಗಿ ನನ್ನ ತಬಲಾದ ಹಾತೋಡಿ ಜಾಗಾದಾಗ ಐತೋ ಇಲ್ಲೋ ನೋಡ್ತೀನಿ. ಹಾತೋಡಿ ಅಂದ್ರ ತಬಲಾದ ಸ್ವರ ಏರಸಾಕ ಇಳಸಾಕ ಬಡಿಯೂ ಸಣ್ಣ ಸುತ್ತಿಗಿ. ಮೊನ್ನೆ ಅಮಾಸಿ ದಿನ ನಮ್ಮಾಕಿ ಪೂಜಾಕ್ಕಂತ ಕಾಯಿ ತಂದ್ಲು. ನಾ ಊಟದ ತಾಟ ಬಿಟ್ಟ ಎದ್ದೆ. ಆಕಿ ಸೆರಗ ಸೊಂಟಕ್ಕ ಸಿಗಿಸಿ ನಿಂತು, "ಕಾಯಿ ಒಡ್ಯಾಕ ಬಾಗಲದಾಗ ಪಾವಟಿಗಿ ಐತಿ, ಹಿತ್ತಲದಾಗ ಒರಳಕಲ್ಲ ಐತಿ. ನಿಮ್ಮ ಹಾತೋಡಿ ಯಾರಿಗೆ ಬೇಕಾಗೈತ್ರಿ? ಇದ್ಯಾವ ಹುಚ್ಚ ನಿಮಗ?" ಅಂದ್ಲು. ಹುಚ್ಚ ಖರೇ. ಆದ್ರ ಈ ಹುಚ್ಚಿಗೊಂದು ಕಥಿ ಐತಿ. ಹೇಳ್ತೀನಿ, ಕುಂಡ್ರಿ. ಚಾ ಬರತದ.

ನಾ ಇಚಲಕರಂಜಿಯ ಒಂದ ಮರಾಠಿ ಶಾಳೆಯೊಳಗ ಸಂಗೀತದ ಮಾಸ್ತರ. ಹುಟ್ಟಿದ್ದು ಗಡಹಿಂಗ್ಲಜದಾಗ. ನಮ್ಮಪ್ಪ ಬೆಲ್ಲದ ಅಡತಿ ಅಂಗಡ್ಯಾಗ ತೂಕ ಮಾಡಾಂವ. ಮನಿಯಾಗ ಒಂದ ಹಳೀ ಪೆಟಗಿ ಇತ್ತು. ಹಾರ್ಮೋನಿಯಂಗ ನಮ್ಮ ಕಡೆ ಪೆಟಗಿ ಅಂತೀವಿ. ಅದರ ಭಾತೆ, ಅಂದ್ರ ಗಾಳಿ ಊದೂ ತಿದಿ, ಇಲಿ ಕಡದಿತ್ತು. ಅವ್ವ ಅದಕ್ಕ ಕಣಕದ ಅಂಟ ಹಚ್ಚಿ ಹಳೀ ಧೋತರದ ತುಂಡ ಮೆತ್ತಿದ್ಲು. ಮರುದಿನ ಇರವಿ ಬಂದು ಅಂಟ ತಿಂದು ಹೋದ್ವು. ಹಿಂಗಾಗಿ ನಾ ಸಂಗೀತ ಕಲತದ್ದು ಒಂದ ಕೈಲೆ ತೂತ ಮುಚಗೊಂಡು ಇನ್ನೊಂದ ಕೈಲೆ ಬಾರಿಸಿ. ಈಗೂ ಒಮ್ಮೊಮ್ಮೆ ಹೊಸಾ ಪೆಟಗಿ ಮುಂದ ಕುಂತಾಗ ಎಡಗೈ ತಾನಾ ಹೋಗಿ ತೂತ ಹುಡಕತದ. ಹುಡುಗೂರು ನಗತಾವ.

ಭಾಷಣದ ವಿಷಯ ಬಂದ್ರ ನಾ ಇನ್ನೂ ಶಾಣ್ಯಾ. ನಾಲ್ಕನೇತ್ತಿಯಾಗ ಇದ್ದಾಗ ನನ್ನ ಸ್ಟೇಜ ಮ್ಯಾಲ ನಿಂದ್ರಿಸಿದ್ರು. "ಅಧ್ಯಕ್ಷ ಮಹಾಶಯ" ಅಂದೆ. ಮುಂದ ಎಲ್ಲಾ ಕತ್ತಲಿ. ಮಾಸ್ತರ ಕೆಳಗಿಂದ "ಮುಂದ ಹೇಳೋ" ಅಂದ್ರು. ನಾ ಮೈಕಿನ್ಯಾಗ ಕಿರಿಬೆರಳ ತೋರಿಸಿ "ಸರ್, ಹೊರಗ ಹೋಗಿ ಬರ್ಲಿ?" ಅಂದೆ. ಅವತ್ತಿನಿಂದ ನಾ ಭಾಷಣ ಮಾಡಿಲ್ಲ. ಮಂದಿಗೆ ಬರದ ಕೊಡ್ತೀನಿ, ಅಷ್ಟ.

ಬರದ ಕೊಡೂದು ಅಂದ್ರೂ ಒಂದ ಭಾಷಣ. ನಮ್ಮ ಶಾಳೆಯೊಳಗ ವಾರ್ಷಿಕೋತ್ಸವಕ್ಕ ಗ್ಯಾದರಿಂಗ್ ಅಂತಾರ. ಆ ದಿನ ಸಂಗೀತ ಮಂಡಳದ ಕ್ಯಾಪ್ಟನ್ ಹೊಸಾ ಹುಡುಗೂರನ್ನ ಸ್ವಾಗತ ಮಾಡಿ ಭಾಷಣ ಮಾಡಬೇಕು, ಇದು ನಡಕೋತ ಬಂದ ಪದ್ಧತಿ. "ವ್ಯಾಸಪೀಠಾವರ ಉಪಸ್ಥಿತ ಮಾನ್ಯವರ", ವೇದಿಕಿ ಮ್ಯಾಲಿನ ಗಣ್ಯರೇ, ಅಂತ ಶುರು ಆಗಿ, ಸಂಗೀತ ಅಂದ್ರ ಸಾಗರ, ನಾವೆಲ್ಲ ಅದರಾಗಿನ ಹನಿ ಅಂತ ಮುಗಿತದ. ಕ್ಯಾಪ್ಟನ್ ಬದಲ ಆಗತಾರ, ಸಾಗರ ಅದ ಇರತದ, ಹನಿ ಅವ ಇರತಾವ.

ಆದ್ರ ಈ ಭಾಷಣದ ಖರೇ ಕೆಲಸ ಬ್ಯಾರೇನ ಐತಿ. ಕಾರ್ಯಕ್ರಮ ಹೆಂಗಿರತದ ಅಂದ್ರ, ಮೊದಲ ದೀಪ ಹಚ್ಚಿ ಕಾಯಿ ಒಡೀತಾರ. ಆಮ್ಯಾಲ ದೊಡ್ಡ ಹುಡುಗೇರು ಪಾವಣೇರಿಗೆ ಸ್ವಾಗತಗೀತ ಹಾಡತಾರ. ಅವರ ದನಿ ಪಳಗಿದ್ದು, ಅವರ ಹಾಡ ಕಾಳಿ ದೋನ್ ಪಟ್ಟಿಯೊಳಗ. ಪೆಟಗಿಯ ಎರಡನೇ ಕರೀ ಮನಿ, ಅಂದ್ರ ಬೆರಳಿಲೆ ಒತ್ತೂ ಕರೀ ಪಟ್ಟಿ, ಅವರ 'ಸಾ'. ಅವರ ನಂತರ ಹೊಸಾ ಹುಡುಗೂರ ಮೊದಲನೇ ಹಾಡ. ಆ ಪಿಳ್ಳೆಗೋಳ ದನಿ ಅಲ್ಲಿತನಕ ಏರೂದಿಲ್ಲ, ಏರಿಸಿದ್ರ ಕಿರಚತಾವ. ಅವರದು ಒಂದನೇ ಕರೀ ಮನಿ, ಕಾಳಿ ಏಕ್. ನನ್ನ ಪೆಟಗಿಗೆ ಏನೂ ತ್ರಾಸಿಲ್ಲ, ಬೆರಳ ಸರಸಿದ್ರ ಮುಗೀತು. ತಬಲಾ ಹಂಗಲ್ಲ. ಅದನ್ನ ಬಡದ ಇಳಸಬೇಕು. ಚರ್ಮಾ ಬಿಗದ ಹಿಡಿದಿರೂ ವಾದಿ ಅಡಿಯಾಗ ಕಟಿಗಿ ಗಟ್ಟಾ ಇರತಾವಲ್ಲ, ಅವನ್ನ ಹಾತೋಡಿಲೆ ಮ್ಯಾಲಕ ಸರಸಿ ಬಿಗಿ ಸಡಲ ಮಾಡಬೇಕು. ಆಮ್ಯಾಲ ಅಂಚಿನ ಹೆಣಿಗಿ, ಗಜರೆ ಅಂತೀವಿ, ಅದನ್ನ ಸುತ್ತಲೂ ಒಂದೊಂದ ಪೆಟ್ಟ ಕೊಟ್ಟು ಎಲ್ಲಾ ಕಡೆ ಒಂದ ಸ್ವರ ಬರೂಹಂಗ ಮಾಡಬೇಕು. ಅದಕ್ಕ ಹೊತ್ತ ಹಿಡಿತದ. ಆ ಹೊತ್ತ ತುಂಬಸಾಕ ಕ್ಯಾಪ್ಟನ್ನಿನ ಭಾಷಣ! ಮಂದಿ ಸಾಗರ, ಹನಿ ಕೇಳಕೋತ ಕುಂತಿರತಾರ, ಹಿಂದ ನಮ್ಮ ತಬಲಾ ಹುಡುಗ ಟಕ್ ಟಕ್ ಮಾಡಿ ಮುಗಸತಾನ. ಮುಗದಕೂಡ್ಲೆ ಹಾತೋಡಿ ಕೆಳಗಿಟ್ಟು ಗೋಣ ಹಾಕ್ತಾನ. ಗೋಣ ನೋಡಿ ಕ್ಯಾಪ್ಟನ್ ಭಾಷಣ ಮುಗಸಬೇಕು. ಅದಕ್ಕಿಂತ ಮೊದಲ ಮುಗಸಬಾರದು.

ಹ್ವಾದ ವರ್ಷದ ಕ್ಯಾಪ್ಟನ್ ಮೊದಲ ಮುಗಸಿದ್ದ. ಹೆದರಿ ಎಕ್ಸಪ್ರೆಸ್ ಗಾಡಿ ಬಿಟ್ಟಂಗ ಬಿಟ್ಟ. ತಬಲಾ ಅರ್ಧಕ್ಕ ಇಳದಿತ್ತು. ಹೊಸಾ ಹುಡುಗೂರು ಹಾಡಾಕ ಶುರು ಮಾಡಿದ್ವು. ಅರ್ಧಾ ಮಂದಿ ಪೆಟಗಿ ಹಿಂದ ಹೋದ್ವು, ಅರ್ಧಾ ಮಂದಿ ತಬಲಾದ ಹಿಂದ ಹೋದ್ವು. ಎರಡು ಎತ್ತು ಎರಡ ದಿಕ್ಕಿಗೆ ಜಗ್ಗಿದಂಗಾತು. ಮಂದಿ ನಕ್ರು ನೋಡ್ರಿ, ಪೆಂಡಾಲ ಹಾರೂಹಂಗ ನಕ್ರು. ಒಂದ ಹುಡುಗಿ ಹಾಡ್ಕೋತನ ಅತ್ತಳು. ಮುಂದಿನ ಸೋಮವಾರ ಸಂಗೀತದ ಖೋಲಿಯೊಳಗ ಹೊಸಬರು ಇಬ್ಬರ ಬಂದಿದ್ರು. ಅವರೂ ಪರೀಕ್ಷಾತನಕ ನಿಂದ್ರಲಿಲ್ಲ. ಹೊಸಬರ ಇಲ್ಲದ ಮಂಡಳ ಎಷ್ಟ ದಿನ ನಡೀತದ್ರಿ? ದೊಡ್ಡವರು ಹತ್ತನೇತ್ತಿ ಮುಗಿಸಿ ಹೋದ್ರ ಪೆಟಗಿಗೆ ಅರಿವಿ ಹೊದಿಸಿ ಇಡೂದ.

ಈ ವರ್ಷದ ಕ್ಯಾಪ್ಟನ್ ಅನುಜಾ, ಒಂಬತ್ತನೇತ್ತಿ. ದಾನೋಳಿ ಕಡೆ ಜೈನರ ಒಕ್ಕಲತನದ ಮನಿತನದಾಕಿ, ಇಲ್ಲಿ ಸೋದರಮಾವನ ಮನಿಯಾಗ ಇದ್ದು ಕಲಿತಾಳ. ಮನಿಯಾಗ ಕನ್ನಡ, ಶಾಳೆಯೊಳಗ ಮರಾಠಿ, ಸಿಟ್ಟ ಬಂದ್ರ ಎರಡೂ. ಹ್ವಾದ ವರ್ಷ ಆಕಿ ಹಿಂದಿನ ಸಾಲಿನ್ಯಾಗ ಕುಂತು ಆ ನಗಿ ಕೇಳಿದ್ಲು. ಜೂನದಾಗ ಶಾಳೆ ಶುರು ಆದ ಕೂಡ್ಲೆ ತಾನ ವರ್ಗ ವರ್ಗ ತಿರಿಗಿ ಹುಡುಗೂರನ್ನ ಕೂಡಿಸಿದ್ಲು. "ಹಾಡಾಕ ಬರಬೇಕಂತಿಲ್ಲ, ಕೇಳಾಕ ಬಂದ್ರ ಸಾಕು" ಅಂತ ಹೇಳಿ ಎಳಕೊಂಡ ಬಂದ್ಲು. ಅದರಾಗ ಐದನೇತ್ತಿಯ ಶ್ರೇಯಾ ಅಂತ ಒಂದ ಗುಬ್ಬಚ್ಚಿ. ದನಿ ಜೇನ, ಆದ್ರ ಮಂದಿ ನೋಡಿದ್ರ ಹಾಡೂದಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಹಾಡತಿತ್ತು. ಅನುಜಾ ದಿನಾ ಅದರ ಜೋಡಿ ತಾನೂ ಗ್ವಾಡಿ ಕಡೆ ಮಾರಿ ಮಾಡಿ ಕುಂತು, ಹಗೂರಕ ಹಗೂರಕ ತಿರಗಿಸಿದ್ಲು. ಗ್ಯಾದರಿಂಗಿನ ವ್ಯಾಳ್ಯಾಕ್ಕ ಅದು ಅರ್ಧಾ ತಿರಗಿತ್ತು.

"ಸರ್, ಈ ಸಲ ಮಂದಿ ನಕ್ರ ಇವು ಮತ್ತ ಬರೂದಿಲ್ಲರಿ," ಅಂತ ಅನುಜಾ ಹಿಂದಿನ ದಿನ ನನ್ನ ಮುಂದ ನಿಂತು ಅಂದ್ಲು.

"ಯಾಕ ನಗತಾರ? ಗೋಣ ಹಾಕೋತನಕ ಭಾಷಣ ಬಿಡಬ್ಯಾಡ. ಅಷ್ಟ," ಅಂದೆ. ನಾ ದೊಡ್ಡ ಧೈರ್ಯದ ಗಂಡಸರಂಗ ಹೇಳಿದೆ. ಆ ರಾತ್ರಿ ನನಗ ನಿದ್ದಿ ಬರಲಿಲ್ಲ ಅನ್ನೂದು ನಮ್ಮಾಕಿಗೆ ಗೊತ್ತು.

ಗ್ಯಾದರಿಂಗ್ ದಿನ. ಶಾಳೆ ಮೈದಾನದಾಗ ಪೆಂಡಾಲ. ಅತ್ತಾಗ ಮಾಗಗೋಳು, ಅಂದ್ರ ಅರಿವಿ ನೇಯೂ ಮಗ್ಗ, ಖಟ್ ಖಟ್ ನಡದಿದ್ವು. ನಮ್ಮೂರಾಗ ಆ ಸಪ್ಪಳ ಇಲ್ದ ಏನೂ ಆಗೂದಿಲ್ಲ, ನಮ್ಮ ಹುಡುಗೂರ ಲಯ ಓಡೂದು ಅದರಿಂದ ಅಂತ ನಾ ಪಾಲಕರಿಗೆ ಹೇಳಿ ಪಾರಾಗತೀನಿ. ಎರಡನೇ ತಬಲಾ ಹೊಸಾ ಚರ್ಮಾ ಹಾಕಸಾಕ ಕೊಲ್ಹಾಪುರಕ್ಕ ಹೋಗಿತ್ತು, ಹೋದದ್ದು ಹೋದಂಗ ಇತ್ತು. "ಉದ್ಯಾ ದೇತೋ ಸರ್" ಅಂತ ಅಲ್ಲಿಯ ತಬಲಾ ರಿಪೇರಿಯಾಂವ ಫೋನಿನ್ಯಾಗ ಹೇಳಕೋತ ಹೊಂಟಿದ್ದ, ಆ ಉದ್ಯಾ, ಆ ನಾಳೆ, ಬರಲೇ ಇಲ್ಲ. ಇದ್ದದ್ದು ಒಂದ ತಬಲಾ, ಅದನ್ನ ಬಾರಸೂ ಹುಡುಗ ಓಂಕಾರ.

ದೀಪಾ ಹಚ್ಚಿದ್ರು. ಕಾಯಿ ಒಡ್ಯಾಕ ಕಲ್ಲ ಮರತಿದ್ರು. ಸ್ಟೇಜ ಮ್ಯಾಲ ಗಾಲಿಚ್ಯಾ ಹಾಸಿತ್ತು, ಅಲ್ಲಿ ಎಲ್ಲಿ ಒಡೀಬೇಕು? ನಮ್ಮ ಶಿಪಾಯಿ ಮಾಮಾ, ಅಂದ್ರ ಶಾಳೆಯ ಜವಾನ, ಭಾಳ ಚುರುಕ ಮನಶ್ಯಾ. ತಬಲಾದ ಬಾಜೂಕ ಸುತ್ತಿಗಿ ಕಂಡ್ತು, ಎತ್ತಿದ, ಕಾಯಿ ಕೈಯಾಗ ಹಿಡದು ಸುತ್ತಲೂ ಟಕ್ ಟಕ್ ಟಕ್, ಎರಡ ಹೋಳ! ಪಾವಣೇರು ಚಪ್ಪಾಳಿ ಬಡದ್ರು. ನಾನೂ ಬಡದೆ, ಸುಳ್ಳ ಯಾಕ ಹೇಳ್ಲಿ. ಮಾಮಾ ಕಾಯಿ ಹೋಳು, ಊದಿನಕಡ್ಡಿ, ಹಾತೋಡಿ ಎಲ್ಲಾ ಒಂದ ತಾಟಿನ್ಯಾಗ ಇಟಗೊಂಡು ತಗೊಂಡ ಹೋದ.

ದೊಡ್ಡ ಹುಡುಗೇರ ಸ್ವಾಗತಗೀತ ಛಲೋ ಆತು. ಅನುಜಾ ಮೈಕಿನ ಮುಂದ ಬಂದು "ವ್ಯಾಸಪೀಠಾವರ ಉಪಸ್ಥಿತ" ಅಂದ್ಲು. ಓಂಕಾರ ಕೈ ಬಾಜೂಕ ಚಾಚಿದ. ಮತ್ತ ಚಾಚಿದ. ಬಗ್ಗಿ ತಬಲಾದ ಸಿಂಬಿ ಎತ್ತಿ ನೋಡಿದ. ಆಮ್ಯಾಲ ನನ್ನ ಮಾರಿ ನೋಡಿದ. ಅಯ್ಯ ಶಿವನ, ಹಾತೋಡಿ ಕಾಯಿ ತಾಟಿನ ಜೋಡಿ ಹೋಗಿತ್ತು.

"ಸರ್, ಕಲ್ಲಿಲೆ ಬಡೀಲಿ?" ಅಂತ ಸಣ್ಣ ದನಿಯಾಗ ಕೇಳಿದ.

"ಬ್ಯಾಡೋ ಮಾರಾಯಾ, ಗಜರೆ ಹರೀತದ!" ಅಂತ ಅವನ ಕಿವಿಯಾಗ ಅಂದೆ.

ಬರಿಗೈಲೆ ಗಟ್ಟಾ ನೂಕಿ ನೋಡಿದ. ಕೂದಲೆಳಿಯಷ್ಟೂ ಸರೀಲಿಲ್ಲ. ಪರದೆ ಹಿಂದ ಮಾಮಾ ನಿಂತಿದ್ದ. ನಾ ಸನ್ನಿ ಮಾಡಿ ಕರದು ಕೇಳಿದೆ. ಮಾಮಾ ನಾಲಿಗಿ ಕಚ್ಚಕೊಂಡ. ತಾಟ ಹೆಡ್‌ಬಾಯಿ, ಅಂದ್ರ ನಮ್ಮ ಮುಖ್ಯೋಪಾಧ್ಯಾಯಿನಿ, ಆಕಿ ಆಫೀಸಿನ ಕಪಾಟಿನ್ಯಾಗ. ಬೆಕ್ಕ ಕಾಯಿ ತಿಂತದಂತ ಕೀಲಿ ಹಾಕ್ಯಾನ. ಕೀಲಿ ಎಲ್ಲಿ? ಹೆಡ್‌ಬಾಯಿ ಕಡೆ. ಹೆಡ್‌ಬಾಯಿ ಎಲ್ಲಿ? ಸ್ಟೇಜ ಮ್ಯಾಲ, ಮುಖ್ಯ ಪಾವಣೇರ ಬಾಜೂಕ, ರೇಶ್ಮಿ ಸೀರಿ ಉಟಗೊಂಡು, ನಗಮಾರಿ ಮಾಡಕೊಂಡು.

ಮಾಮಾ ಬಗ್ಗಿ ಬಗ್ಗಿ ಹೋಗಿ ಆಕಿ ಕಿವಿಯಾಗ "ಚಾವಿ, ಚಾವಿ" ಅಂದ. ಸ್ಪೀಕರಿನ ಸಪ್ಪಳದಾಗ ಆಕಿಗೆ ಏನ ಕೇಳಿಸ್ತೋ, ಹೂಂ ಅಂತ ಗೋಣ ಹಾಕಿದ್ಲು. ಸ್ವಲ್ಪ ಹೊತ್ತಿನ ಮ್ಯಾಲ ಪಾವಣೇರಿಗೆಲ್ಲಾ ಚಾ ಬಂತು.

ಇತ್ತ ಅನುಜಾ ಹೊಸಬರ ಹೆಸರ ಕರ್ಯಾಕ ಶುರು ಮಾಡಿದ್ಲು. ಇದೂ ನಮ್ಮ ಪದ್ಧತಿ. ಹೆಸರ ಕರದ ಹಂಗ ಒಂದೊಂದ ಹುಡುಗ ಮುಂದಿನ ಸಾಲಿನಿಂದ ಎದ್ದು, ಪಾವಟಿಗಿ ಕೆಳಗ ಚಪ್ಪಲಿ ಬಿಟ್ಟು, ಮ್ಯಾಲ ಬಂದು ವಾದ್ಯಕ್ಕ ಕೈ ಮುಗದು ಹಾಸಿದ ಸತರಂಜಿ ಮ್ಯಾಲ ಕುಂಡ್ರಬೇಕು. ದೊಡ್ಡವರು ಕುಂಕುಮ ಹಚ್ಚಿ ಗುಲಾಬಿ ಕೊಡ್ತಾರ. ಕುಂಡ್ರೂದೂ ಹೆಂಗರೆ ಅಲ್ಲ. ಸ್ವರ ಗಟ್ಟಿ ಇದ್ದವರು ಸಾಲಿನ ಎರಡೂ ತುದಿಗೆ, ಜಾರೂವರು ನಡುವ, ಭಾಳ ಜಾರೂವರು ನನ್ನ ಪೆಟಗಿ ಹತ್ತರ. ಎಲ್ಲಾ ಕುಂತ್ರು. ಶ್ರೇಯಾ ನಡುವ ಕುಂತು ಗುಲಾಬಿ ಪಕಳಿ ಹರ್ಯಾಕ ಹತ್ತಿತು. ಸಾಗರ ಬಂತು, ಹನಿ ಬಂತು, ನಾ ಬರದ ಭಾಷಣ ಮುಗೀತು.

ಅನುಜಾ ಹಿಂದ ತಿರಗಿ ನೋಡಿದ್ಲು. ಓಂಕಾರ ಗೋಣ ಹಾಕಲಿಲ್ಲ, ಎರಡೂ ಖಾಲಿ ಕೈ ತೋರಿಸಿ, "ಹಾತೋಡಿ ಬಾಯಿ ಕಪಾಟಿನ್ಯಾಗ, ಕೀಲಿ ಅವರ ಕಡೆ" ಅಂತ ಪಿಸಗುಟ್ಟಿದ. ನಾ ಏನ್ ಮಾಡ್ಲಿ? ಬಾಯಿ ತಗದ್ರ ನನ್ನ ಮುಂದೂ ಮೈಕ ಇತ್ತು. ಹೆಡ್‌ಬಾಯಿ ಕಡೆ ತಿರಗಿ ಕೈಲೆ ಸುತ್ತಿಗಿ ಬಡದಂಗ ಮಾಡಿ ತೋರಿಸಿದೆ. ಆಕಿ ಅದನ್ನ, ಭಾಷಣ ಉದ್ದಾತು, ಕಡೀರಿ ಅಂತ ತಿಳಕೊಂಡ್ಲು! ಅನುಜಾಗ "ಪುರೇ, ಪುರೇ" ಅಂತ ಕೈ ಮಾಡಿದ್ಲು. ಈ ಕಡೆ ನಾ ನಡಸು ಅಂತೀನಿ, ಆ ಕಡೆ ಆಕಿ ಸಾಕು ಅಂತಾಳ. ನಡುವ ಆ ಕೂಸ. ಮುಂದಿನ ಸಾಲಿನ ಹುಡುಗೂರು ಕಿಸಿಕಿಸಿ ಶುರು ಮಾಡಿದ್ವು. ಹ್ವಾದ ವರ್ಷದ ನಗಿ ಹಿಂಗ ಶುರು ಆಗಿತ್ತು. ಮುಗೀತು, ಇನ್ನ ಮುಗೀತು ಅಂದೆ ನಾ.

ಅನುಜಾ ಮೈಕ ಹಿಡದು ಒಂದ ಸಲ ಉಸರ ಎಳದ್ಲು. ಆಮ್ಯಾಲ ಮರಾಠಿಯೊಳಗ, ತಣ್ಣಗ, ಮನಿಯಾಗ ಮಾತಾಡಿದಂಗ ಅಂದ್ಲು: "ಬಾಯಿ, ನಿಮ್ಮ ಕಪಾಟದ ಕೀಲಿ ಕೊಡ್ರಿ. ನಮ್ಮ ತಬಲಾದ ಹಾತೋಡಿ ಕಾಯಿ ಒಡದು ದಣದು ಅದರಾಗ ಮಲಗೈತಿ. ಅದು ಬಂದ್ರ ನಮ್ಮ ತಬಲಾ ಇಳೀತದ. ತಬಲಾ ಇಳದ್ರ ಈ ಹುಡುಗೂರ ಹಾಡ ಏರತದ."

 ಮೊದಲ ಮುಖ್ಯ ಪಾವಣೇರ ಹೊಟ್ಟಿ ಅಲಗಾಡಿತು. ಚಾ ಶರ್ಟಿನ ಮ್ಯಾಲ ಚಲ್ಲಿತು. ಪೆಂಡಾಲಿಗೆ ಪೆಂಡಾಲ ನಕ್ಕಿತು. ಹೆಡ್‌ಬಾಯಿ ಮಾರಿ ಕೆಂಪ ಮಾಡಕೊಂಡು ಪರ್ಸಿನ್ಯಾಗ ಕೈ ಹಾಕಿದ್ಲು, ಮಾಮಾ ಕೀಲಿ ತಗೊಂಡು ಧೋತರ ಎತಗೊಂಡು ಓಡಿದ. ಅದನ್ನ ನೋಡಿ ಮಂದಿ ಮತ್ತ ನಕ್ರು.

"ನಗ್ರಿ," ಅಂದ್ಲು ಅನುಜಾ. "ಎಷ್ಟ ನಗಬೇಕೋ ಈಗ ನಗ್ರಿ. ಹಾಡ ಶುರು ಆದಮ್ಯಾಲ ನಗಬ್ಯಾಡ್ರಿ. ಇವರಿಗೆ ಇದು ಮೊದಲನೇ ಸಲ."

ಅಂದು, ಮಂದಿಗೆ ಬೆನ್ನ ಮಾಡಿ ಹೊಸಬರ ಕಡೆ ತಿರಗಿದ್ಲು. ಅವರ ಪೈಕಿ ಅರ್ಧಕ್ಕಿಂತ ಹೆಚ್ಚ ಮಂದಿ ಮನಿಯಾಗ ಕನ್ನಡ ಆಡೂವ್ರು, ತಾಲೀಮಿನ್ಯಾಗೂ ಆಕಿ ಅವರ ಜೋಡಿ ಕನ್ನಡ, ಮರಾಠಿ ಕಲಸೇ ಮಾತಾಡ್ತಿದ್ಲು. ಮೈಕ ಕೈಯಾಗ ಇದ್ದದ್ದು ಮರತು ಹಂಗ ಶುರು ಮಾಡಿದ್ಲು. "ನೋಡ್ರೋ, ಈಗ ನೀವು ನಮ್ಮವರು. ನಮ್ಮವರಾದಮ್ಯಾಲ ನಮ್ಮ ಕೆಲಸ ತಿಳಕೋಬೇಕು. ಪೆಟಗಿ ಭಾತೆ ಮುಚ್ಚೂವಾಗ ಒಂದ ಮನಿ ಒತ್ತಿ ಹಿಡದು ಮುಚ್ಚರಿ, ಇಲ್ಲಾಂದ್ರ ಒಳಗಿನ ಗಾಳಿ ಒದ್ದು ಚರ್ಮಾ ಹರೀತದ. ತಬಲಾದ ಕರೀ ಶಾಯಿ ಮ್ಯಾಲ ಹಸಿ ಕೈ ಇಡಬ್ಯಾಡ್ರಿ. ಹಾಡೂವಾಗ ಸಾಲ ಮರತ್ರ ಹೆದರಬ್ಯಾಡ್ರಿ, ಬಾಯಿ ಮುಚ್ಚಿ ಬಾಜೂದವರನ್ನ ಕೇಳ್ರಿ, ಮುಂದಿನ ಸಾಲಿಗೆ ಕೂಡಕೊಳ್ರಿ. ಜೋರ ಹಾಡಿದಾಂವ ಶಾಣ್ಯಾ ಅಲ್ಲ. ಬಾಜೂದವನ ದನಿ ಕೇಳಿಸಿಲ್ಲ ಅಂದ್ರ ನೀ ಹೆಚ್ಚ ಆಗಿದಿ ಅಂತ ತಿಳೀರಿ."

ಪಾಲಕರ ಸಾಲಿನ್ಯಾಗ ಒಬ್ಬಾಕಿ ಅವ್ವ, "ಎವ್ವಾ, ನಮ್ಮ ಮಾತ ಆಡಾಕತ್ತಾಳಲ್ಲ!" ಅಂತ ಗಟ್ಟಿಯಾಗಿ ಅಂದ್ಲು.

ಮಾಮಾ ಬಂದ. ಹಾತೋಡಿಗೆ ಕಾಯಿ ನಾರು ಹತ್ತಿತ್ತು. ಓಂಕಾರ ಕಸಗೊಂಡು ಗಟ್ಟಾ ಸರಸಾಕ ಹತ್ತಿದ. ನಾ ಸಾ ಹಿಡದ ಕುಂತೆ. ತಬಲಾ ಮೊದಲ ಭಾಳ ಇಳೀತು, ಮತ್ತ ಗಜರೆ ಮ್ಯಾಲ ಪೆಟ್ಟ ಕೊಟ್ಟು ಏರಿಸಿದ. ಒಂದ ಕಡೆ ಕೂಡತಿತ್ತು, ಇನ್ನೊಂದ ಕಡೆ ಒಲ್ಲೆ ಅಂತಿತ್ತು. ಅನುಜಾ ಹಿಂದ ತಿರಗಿ ನೋಡಲೇ ಇಲ್ಲ. ಕಿವಿ ಮಾತ್ರ ಇತ್ತಾಗ ಇತ್ತು.

"ಹ್ವಾದ ವರ್ಷ ನಮ್ಮ ಹೊಸಬರು ಹಾಡಿದಾಗ ಮಂದಿ ನಕ್ರು," ಅಂದ್ಲು. "ಅವರು ಹೊಳ್ಳಿ ಬರಲಿಲ್ಲ. ನನಗ ಭಾಳ ಕೆಟ್ಟ ಅನಸ್ತು. ಅವರದೇನ ತಪ್ಪಿದ್ದಿಲ್ಲ. ಇವತ್ತ ನೀವು ತಪ್ಪಿದ್ರೂ ನಡೀತದ, ಖರೇನ ಹೇಳ್ತೀನಿ. ಆದ್ರ ಸೋಮವಾರ ಬರ್ರಿ. ಶ್ರೇಯಾ, ಬರತಿಯಿಲ್ಲ?"

ಶ್ರೇಯಾ ಗುಲಾಬಿ ಕಡ್ಡಿ ಕೈಯಾಗ ಹಿಡಕೊಂಡು ಹೂಂ ಅಂತ ಗೋಣ ಹಾಕಿತು. ಅದ ಹೊತ್ತಿಗೆ ತಬಲಾ ನನ್ನ ಸಾದಾಗ ಬಂದು ಕೂತಿತು. ಓಂಕಾರ ಸುತ್ತಲೂ ಒಂದ ಸಲ ಬಾರಿಸಿ ನೋಡಿದ, ಎಲ್ಲಾ ಕಡೆ ಒಂದ. ಹಾತೋಡಿ ತನ್ನ ತೊಡಿ ಕೆಳಗ ಒತ್ತಿ ಇಟಗೊಂಡು ಗೋಣ ಹಾಕಿದ.

"ಆತು, ನಂದು ಮುಗೀತು. ಈಗ ಇವರು," ಅಂದು ಅನುಜಾ ಮೈಕ ಹುಡುಗೂರ ಮುಂದ ಇಟ್ಲು. ತಾ ಸತರಂಜಿ ತುದಿಗೆ ಹೋಗಿ ಕುಂತ್ಲು.

ಹಾಡ ಹೆಂಗಾತು? ಭಾರೀ ಆತು ಅಂತ ಹೇಳಿದ್ರ ನೀವು ನಂಬೂದಿಲ್ಲ. ಎರಡನೇ ಚರಣ ಸ್ವಲ್ಪ ಓಡಿತು, ಮಾಗದ ಮ್ಯಾಲ ಹಾಕತೀನಿ. ಒಬ್ಬಾಂವ ಸಾಲ ಮರತ, ಬಾಯಿ ಮುಚ್ಚಿ ಕೇಳಿ ಮುಂದಿನ ಸಾಲಿಗೆ ಕೂಡಿಕೊಂಡ, ಮೈಕಿನ್ಯಾಗ ಹೇಳಿದ ಪ್ರಕಾರ. ಆದ್ರ ಎಲ್ಲಾರೂ ಒಂದ ಸಾದಾಗ ಇದ್ರು. ಶ್ರೇಯಾ ಮಂದಿ ಕಡೆ ನೋಡ್ಲಿಲ್ಲ, ಅನುಜಾನ ಕಡೆ ನೋಡಕೋತ ಹಾಡಿತು. ಒಬ್ಬರೂ ನಗಲಿಲ್ಲ. ನಗೂದೆಲ್ಲ ಆಗಲೇ ಖರ್ಚಾಗಿತ್ತು. ನನ್ನ ಬೆನ್ನಿನ ಮ್ಯಾಲಿನ ಬೆವರ ಆರಿದ್ದು ಆವಾಗ.

ಕಾರ್ಯಕ್ರಮ ಮುಗದಮ್ಯಾಲ ಪರದೆ ಹಿಂದ ಹೋದೆ. ಅನುಜಾ ಒಂದ ಸ್ಟೂಲಿನ ಮ್ಯಾಲ ಕುಂತಿದ್ಲು.

"ಸರ್, ಬಾಯಿ ಸಿಟ್ಟಾಗ್ಯಾರೇನ್ರಿ? ನೀವು ಬರದದ್ದು ಮುಗದಮ್ಯಾಲ ಏನೇನ ಅಂದೆ ನನಗ ನೆಪ್ಪಿಲ್ಲ."

"ನೆಪ್ಪ ಇಲ್ಲಂದ್ರ ಛಲೋ ಆತು. ಬರದದ್ದು ನನಗೂ ನೆಪ್ಪಿಡೂಹಂಗ ಇರಲಿಲ್ಲ ಬಿಡು," ಅಂದೆ. ಆಕಿ ನಕ್ಕಳು. ನಕ್ಕೋತ ಅತ್ತಳು. ಹೆಡ್‌ಬಾಯಿ ಬಂದು ಕಾಯಿ ಹೋಳೊಂದು ಆಕಿ ಕೈಯಾಗ ಇಟ್ಟು ಹೋದ್ಲು. ಅದ ಆಕಿ ಮಾಫಿ, ಅದ ಶಾಬಾಸ್ಕಿ.

ಇಷ್ಟಾದ್ರೂ ನನ್ನ ಜೀವಕ್ಕ ಸಮಾಧಾನ ಇರಲಿಲ್ಲ. ಸ್ಟೇಜ ಮ್ಯಾಲ ಹೂಂ ಅಂದವರು ಸೋಮವಾರ ಬರಬೇಕಲ್ಲ. ಐತವಾರ ನಾ ಉಣಲಿಲ್ಲ, ತಿನ್ನಲಿಲ್ಲ. "ಮಗಳ ಲಗ್ನದ ಮಾತ ಆಡಾಕ ಹೊಂಟಾರೇನೋ ಅನ್ನೂಹಂಗ ಮಾಡಾಕತ್ತೀರಲ್ಲ," ಅಂತ ನಮ್ಮಾಕಿ ಬೈದ್ಲು. ಸೋಮವಾರ ನನ್ನ ಸ್ಕೂಟರ ಚಾಲೂ ಆಗಲಿಲ್ಲ, ನಡಕೋತ ಹೋದೆ, ತಡಾ ಆತು. ಸಂಗೀತದ ಖೋಲಿ ಮಾಳಗಿ ಮ್ಯಾಲ. ಪಾವಟಿಗಿ ಹತ್ತೂವಾಗ ಕಾಲ ಭಾರ. ಒಳಗ ಯಾರೂ ಇರಲಿಕ್ಕಿಲ್ಲ, ನಾ ಹೋಗಿ ಕಿಡಕಿ ತಗದು ಧೂಳ ಝಾಡಸಬೇಕು ಅಂತ ಅನಕೋತ ಹತ್ತಿದೆ.

ನಡು ಪಾವಟಿಗಿಯಾಗ ಇದ್ದಾಗ ಮ್ಯಾಲಿಂದ ಸಾ ಕೇಳಿಸ್ತು. ಪೆಟಗಿ ಸಾ ಅಲ್ಲ, ಪೆಟಗಿ ಇನ್ನೂ ಅರಿವಿ ಹೊದ್ದಕೊಂಡ ಇತ್ತು. ಹುಡುಗೂರ ಸಾ. ನಾ ಬಾಗಲದಾಗ ಬಂದು ನಿಂತೆ. ಹೊಸಬರೆಲ್ಲಾ ಬಂದಿದ್ರು. ಅಷ್ಟ ಅಲ್ಲ, ಹ್ವಾದ ವರ್ಷ ಸ್ಟೇಜ ಮ್ಯಾಲ ಹಾಡ್ಕೋತ ಅತ್ತಿದ್ಲಲ್ಲ, ಆ ಹುಡುಗಿ ಶ್ರೇಯಾನ ಬಾಜೂಕ ಕುಂತಿದ್ದು ಕಂಡ್ತು.

ಅನುಜಾ ನನ್ನ ನೋಡಿ, "ಸರ್, ಜಾಗಾ ಇಲ್ಲರಿ, ಸ್ವಲ್ಪ ಅಲ್ಲೇ ನಿಂದರ್ರಿ," ಅಂದ್ಲು.

ನಿಂತೆ. ನನ್ನ ಖೋಲಿಯ ಹೊರಗ, ಹುಡುಗೂರ ಚಪ್ಪಲಿ ನಡುವ ನಿಂತೆ. ಎಷ್ಟೋ ದಿನದ ಮ್ಯಾಲ ಉಸರ ಪೂರಾ ಒಳಗ ಹೋಗಿ ಪೂರಾ ಹೊರಗ ಬಂತು.